ಗಾಜಿನ ಗೋಡೆ ಮತ್ತು ಪಡುವಣ ಬಿಸಿಲು

ಗಾಜು ಚಳಿಯ ನಾಡಿನಲ್ಲಿ ಬೆಳೆದ ಕೂಸು. ವರ್ಷದ ಬಹುಭಾಗ ಸೂರ್ಯನಿಗಾಗಿ ಹಂಬಲಿಸುವ ಜನರು ಅವನನ್ನು ಒಳಕ್ಕೆ ಕರೆದು, ಗಾಳಿಯನ್ನು ಹೊರಗೇ ನಿಲ್ಲಿಸುವುದಕ್ಕಾಗಿ ಅದನ್ನು ಅಷ್ಟು ಅಗಲಕ್ಕೆ ಹಿಗ್ಗಿಸಿದರು. ನಮ್ಮ ಹಿರಿಯರು ಕಟ್ಟಿದ ಮನೆಗಳಲ್ಲಿ ಕಿಟಕಿ ಚಿಕ್ಕದು, ಗೋಡೆ ದಪ್ಪ, ಜಗಲಿಯ ಮೇಲೆ ಸೂರಿನ ನೆರಳು. ಈಗಲಾದರೋ ಬೆಂಗಳೂರಿನ ಹೊರವಲಯದಿಂದ ಹಿಡಿದು ಜಿಲ್ಲೆಯ ಊರುಗಳ ಪೇಟೆಬೀದಿಯವರೆಗೆ, ಹೊಸ ಕಟ್ಟಡವೆಂದರೆ ನೆಲದಿಂದ ನೆತ್ತಿಯವರೆಗೆ ಗಾಜು ಎಂಬಂತಾಗಿದೆ. ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡಿ ಮೆಚ್ಚಿದವರು, ಅದರ ಪಕ್ಕಗಳು ತೆರೆದಿರುವುದನ್ನೂ ಅಲ್ಲಿ ಗಾಳಿ ಓಡಾಡುವುದನ್ನೂ ಮರೆತುಬಿಡುತ್ತಾರೆ.

ಈ ವಿಷಯವನ್ನು ಇಂದು ಎತ್ತಿಕೊಳ್ಳಲು ಕಾರಣ, ಬಳ್ಳಾರಿಯಿಂದ ಬಂದ ಒಂದು ಓಲೆ. ಜೀನ್ಸ್ ಹೊಲಿಗೆಗೆ ಬಳ್ಳಾರಿ ಹೆಸರಾದ ಊರು. ಅಲ್ಲಿಯ ಸೋದರಿಯೊಬ್ಬರು ಸಾಲ ತೆಗೆದು, ಮನೆಯ ಮಹಡಿಯ ಮೇಲೆ ಎಂಟು ಯಂತ್ರಗಳ ಹೊಲಿಗೆಯ ಕೋಣೆಯೊಂದನ್ನು ಕಟ್ಟಿಸುತ್ತಿದ್ದಾರೆ. ಬೀದಿ ಇರುವುದು ಪಡುವಣಕ್ಕೆ. ಉಳಿದ ಮೂರು ಕಡೆಯೂ ನೆರೆಮನೆಯ ಗೋಡೆ. ಆದುದರಿಂದ ಬೆಳಕು ಬರಬೇಕಾದರೆ ಪಡುವಣದಿಂದಲೇ ಬರಬೇಕು. ನೀಲಿ ಬಟ್ಟೆಯ ಮೇಲೆ ನೀಲಿ ದಾರದ ಹೊಲಿಗೆಗೆ ಬೆಳಕು ಅವಶ್ಯಕವಷ್ಟೆ. 4 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಗಾಜನ್ನು ಅಲ್ಲಿ ಕೂರಿಸುವುದೆಂದು ನಿಶ್ಚಯವಾಗಿದೆ. ಗಾಜಿನ ವ್ಯಾಪಾರಿ “ಲೋ-ಇ ಲೇಪದ ಜೋಡಿಗಾಜು ಹಾಕಿಸಿಬಿಡಿ ಅಮ್ಮಾ, ಬಿಸಿಯ ಮಾತೇ ಬೇಡ, ಇದರ ಯು ಮೌಲ್ಯ ಎರಡಕ್ಕಿಂತ ಕಡಿಮೆ” ಎನ್ನುತ್ತಾನೆ. ಮೇಸ್ತ್ರಿಯಾದರೋ “ಯಾವ ಗಾಜಾದರೂ ಸರಿ, ಹೊರಗೆ ರೆಕ್ಕೆ ಕಟ್ಟಿಸಿ” ಎನ್ನುತ್ತಾನೆ. ಎರಡಕ್ಕೂ ಹಣವಿಲ್ಲ. ಮೊದಲ ವರ್ಷ ಕೂಲರಿನಲ್ಲಿ ಕಳೆದು, ಅನುಕೂಲವಾದ ಮೇಲೆ ಎ.ಸಿ. ಹಾಕಿಸುವ ಯೋಚನೆ. “ಇಬ್ಬರಲ್ಲಿ ಯಾರ ಮಾತು ನಂಬಲಿ? ಗಾಜಿನ ಪಕ್ಕದಲ್ಲಿ ದಿನವಿಡೀ ಕೂರುವವರು ನಾನಲ್ಲ, ಕೂಲಿಗೆ ಬರುವ ಹೆಣ್ಣುಮಕ್ಕಳು” ಎಂದು ಓಲೆಯ ಕೊನೆಯಲ್ಲಿ ಬರೆದಿದ್ದಾರೆ. ಆ ಕೊನೆಯ ಮಾತಿಗಾಗಿಯೇ ನಾನು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಡನೆ ಕುಳಿತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ವಾಚಕರ ಮುಂದಿಡುತ್ತೇನೆ.

ಗಾಜಿನ ಮೂಲಕ ಬಿಸಿ ಒಳಗೆ ಬರುವುದಕ್ಕೆ ಎರಡು ಬಾಗಿಲುಗಳಿವೆ. ಹೊರಗಿನ ಗಾಳಿ ಬಿಸಿಯಾಗಿದ್ದು ಒಳಗಿನದು ತಂಪಾಗಿದ್ದರೆ, ನಡುವೆ ಇರುವ ಗಾಜಿನ ಮೈಯನ್ನು ಹಾದು ಬಿಸಿ ಮೆಲ್ಲಮೆಲ್ಲನೆ ಒಳಕ್ಕೆ ಜಾರುತ್ತದೆ. ಇದು ಗಾಳಿಯ ಬಾಗಿಲು. ಇದರ ಅಳತೆಯೇ ವ್ಯಾಪಾರಿ ಹೇಳಿದ ಯು ಮೌಲ್ಯ. ಒಂದು ಚದರ ಮೀಟರ್ ಗಾಜಿನ ಎರಡು ಮಗ್ಗುಲಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಎಷ್ಟು ವಾಟ್ ಬಿಸಿ ಹರಿಯುವುದೋ ಅಷ್ಟು ಅದರ ಯು ಮೌಲ್ಯ. ಸಾಮಾನ್ಯ ಒಂಟಿಗಾಜಿಗೆ ಅದು ಸುಮಾರು 5.7. ಎರಡನೆಯದು ಸೂರ್ಯನ ಬಾಗಿಲು. ಬಿಸಿಲು ಗಾಜನ್ನು ತೂರಿ ನೇರವಾಗಿ ಒಳಬಂದು ನೆಲ, ಬಟ್ಟೆ, ಮೇಜು, ಮೈಗಳ ಮೇಲೆ ಬಿದ್ದು ಅಲ್ಲಿ ಬಿಸಿಯಾಗಿ ಮಾರ್ಪಡುತ್ತದೆ. ಗಾಜು ತಾನೇ ಹೀರಿಕೊಂಡ ಬಿಸಿಲಿನ ಒಂದು ಪಾಲನ್ನೂ ಒಳಕ್ಕೆ ಬಿಡುತ್ತದೆ. ಹೊರಗೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಷ್ಟು ಪಾಲು ಹೀಗೆ ಒಳಗಿನ ಬಿಸಿಯಾಗುವುದೋ ಅದನ್ನು ಸೌರತಾಪ ಗುಣಾಂಕವೆನ್ನಬಹುದು. ಗಾಜಿನ ಅಂಗಡಿಯಲ್ಲಿ ಇದರ ಹೆಸರು ಎಸ್‌ಎಚ್‌ಜಿಸಿ. ಸಾಮಾನ್ಯ ಗಾಜಿಗೆ ಇದು 0.82, ಎಂದರೆ ನೂರರಲ್ಲಿ ಎಂಬತ್ತೆರಡು ಪಾಲು ಒಳಗೆ.

ಈ ಎರಡರಲ್ಲಿ ದೊಡ್ಡ ಬಾಗಿಲು ಯಾವುದು? ಮಾರ್ಚ್ ಇಪ್ಪತ್ತೊಂದರ ಸುಮಾರಿನ ಒಂದು ದಿನ, ಬಳ್ಳಾರಿಯ ಗಡಿಯಾರದಲ್ಲಿ ಸಂಜೆ ನಾಲ್ಕೂವರೆ, ಸೂರ್ಯನ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಮೋಡವಿಲ್ಲ. ಆಗ ಪಡುವಣ ಗೋಡೆಯ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲನ್ನು ಸುಮಾರು 600 ವಾಟ್ ಎಂದು ಹಿಡಿಯಬಹುದು. ಅದರಲ್ಲಿ 480 ನೇರ ಸೂರ್ಯನಿಂದ. ಉಳಿದ 120 ಆಕಾಶದಿಂದಲೂ ಬೀದಿಯ ನೆಲದಿಂದಲೂ ಚದರಿ ಬರುವ ಬೆಳಕು. ಹೊರಗೆ 38 ಡಿಗ್ರಿ, ಒಳಗೆ ಯಂತ್ರ ತಣಿಸಿದ 26 ಡಿಗ್ರಿ ಎಂದರೆ ವ್ಯತ್ಯಾಸ 12. ಗಾಳಿಯ ಬಾಗಿಲಿನಿಂದ 5.7ರ ಹನ್ನೆರಡು ಪಟ್ಟು, ಸುಮಾರು 70 ವಾಟ್. ಸೂರ್ಯನ ಬಾಗಿಲಿನಿಂದ 600ರಲ್ಲಿ ನೂರಕ್ಕೆ 82ರಂತೆ 490 ವಾಟ್. ಒಂದು ಇನ್ನೊಂದರ ಏಳು ಪಟ್ಟು! ಸೋದರಿಯವರ ಗಾಜು 10 ಚದರ ಮೀಟರ್. ಎರಡನ್ನೂ ಕೂಡಿಸಿದರೆ 5,600 ವಾಟ್. ಸಾವಿರ ವಾಟಿನ ಐದೂವರೆ ಇಸ್ತ್ರಿಪೆಟ್ಟಿಗೆಗಳನ್ನು ಕೋಣೆಯಲ್ಲಿ ಹಚ್ಚಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಒಂದು ಟನ್ನಿನ ಎ.ಸಿ. ಹೊರಹಾಕುವುದು 3,500 ವಾಟ್ ಬಿಸಿಯನ್ನು. ಆದುದರಿಂದ ಗಾಜೊಂದರ ಋಣ ತೀರಿಸುವುದಕ್ಕೇ ಒಂದೂವರೆ ಟನ್ನಿಗೂ ಮೀರಿ ಬೇಕಾಯಿತು. ಎಂಟು ಯಂತ್ರಗಳ ಬಿಸಿ, ಎಂಟು ಜನರ ಮೈಯ ಬಿಸಿ, ಮೇಲಿನ ಛಾವಣಿಯ ಬಿಸಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ವ್ಯಾಪಾರಿ ಯಾವ ಬಾಗಿಲನ್ನು ಮುಚ್ಚಲು ಹೊರಟಿದ್ದಾನೆ ಎಂಬುದನ್ನು ಈಗ ನೋಡೋಣ.

ಲೋ-ಇ ಎಂದರೆ ಕಡಿಮೆ ಉತ್ಸರ್ಜನೆ. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಉದ್ದ ಅಲೆಗಳ ರೂಪದಲ್ಲಿ ಬಿಸಿಯನ್ನು ಸುತ್ತಲೂ ಬೀರುತ್ತಿರುತ್ತದೆ. ಆರಿದ ಒಲೆಯ ಮುಂದೆ ಕೈಯೊಡ್ಡಿದಾಗ ತಾಕುವುದು ಇದೇ. ಹೀಗೆ ಬೀರುವುದರಲ್ಲಿ ಸಾಮಾನ್ಯ ಗಾಜು ಬಲು ಧಾರಾಳಿ. ಬೀರಬಹುದಾದ ನೂರು ಪಾಲಿನಲ್ಲಿ ಎಂಬತ್ತನಾಲ್ಕನ್ನು ಬೀರಿಬಿಡುತ್ತದೆ. ಅದರ ಮೈಗೆ ಬೆಳ್ಳಿಯಂಥ ಲೋಹದ ತೆಳುಪೊರೆಯನ್ನು ಹಚ್ಚಿದರೆ ಬೀರುವುದು ಎರಡು ಮೂರು ಪಾಲಿಗೆ ಇಳಿಯುತ್ತದೆ. ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿನಷ್ಟು. ಅದಕ್ಕೇ ಅದು ಕಣ್ಣಿಗೆ ತೋರದು, ಬೆಳಕನ್ನೂ ಹೆಚ್ಚಾಗಿ ತಡೆಯದು. ಈ ಉಪಾಯ ಮೊದಲು ಜನಪ್ರಿಯವಾದುದು ಚಳಿನಾಡುಗಳಲ್ಲಿ. ಅವರ ಚಿಂತೆ ಒಂದೇ: ಒಲೆ ಉರಿಸಿ ಗಳಿಸಿದ ಬಿಸಿ ಕಿಟಕಿಯಿಂದ ಹೊರಕ್ಕೆ ಹೋಗಬಾರದು, ಬಿಸಿಲು ಮಾತ್ರ ಧಾರಾಳವಾಗಿ ಒಳಬರಬೇಕು. ಆದುದರಿಂದ ಗಾಳಿಯ ಬಾಗಿಲನ್ನು ಮುಚ್ಚಿ ಸೂರ್ಯನ ಬಾಗಿಲನ್ನು ತೆರೆದಿಡುವ ಲೇಪವನ್ನು ಅವರು ಬೆಳೆಸಿದರು. ಅಂಥ ಜೋಡಿಗಾಜಿನ ಯು ಮೌಲ್ಯ 1.9 ಇರಬಹುದು, ಸೌರತಾಪ ಗುಣಾಂಕ ಮಾತ್ರ 0.68ರಷ್ಟು ಇರುತ್ತದೆ.

ಅದನ್ನು ಬಳ್ಳಾರಿಯ ಪಡುವಣ ಗೋಡೆಗೆ ಕೂರಿಸಿದರೇನಾಗುತ್ತದೆ? ಗಾಳಿಯಿಂದ ಬರುತ್ತಿದ್ದ 70 ವಾಟ್ 23ಕ್ಕೆ ಇಳಿಯುತ್ತದೆ, ಮೆಚ್ಚತಕ್ಕುದೇ. ಆದರೆ ಸೂರ್ಯನಿಂದ ಬರುತ್ತಿದ್ದ 490 ಇಳಿದಿಳಿದು 408ಕ್ಕೆ ನಿಲ್ಲುತ್ತದೆ. ಹತ್ತು ಚದರ ಮೀಟರಿಗೆ 5,600 ಇದ್ದುದು 4,300 ಆಯಿತು. ಐದೂವರೆ ಇಸ್ತ್ರಿಪೆಟ್ಟಿಗೆಗಳಲ್ಲಿ ಆರಿದುದು ಒಂದು ಮತ್ತು ಸ್ವಲ್ಪ. ವ್ಯಾಪಾರಿ ಸುಳ್ಳು ಹೇಳಲಿಲ್ಲ; ಚಿಕ್ಕ ಬಾಗಿಲಿನ ಅಳತೆಯನ್ನು ಹೇಳಿ ದೊಡ್ಡ ಬಾಗಿಲಿನ ವಿಷಯದಲ್ಲಿ ಮೌನವಾಗಿದ್ದಾನೆ. ಉಷ್ಣದೇಶದಲ್ಲಿ ಗಾಜು ಕೊಳ್ಳುವವರು ಮೊದಲು ಕೇಳಬೇಕಾದುದು ಯು ಮೌಲ್ಯವನ್ನಲ್ಲ, ಎಸ್‌ಎಚ್‌ಜಿಸಿಯನ್ನು.

ಹಾಗೆಂದು ಲೇಪವೆಲ್ಲ ನಿರರ್ಥಕವೆಂದು ತಿಳಿಯಬಾರದು. ಬಿಸಿಲಿನ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ನೂರಕ್ಕೆ ಸುಮಾರು 45. ಉಳಿದುದರಲ್ಲಿ ಬಹುಭಾಗ ಕೆಂಪಿನಾಚೆಯ ಕಾಣದ ಕಿರಣಗಳು. ಅವು ಹೊಲಿಗೆಗೂ ಬೇಡ, ಓದಿಗೂ ಬೇಡ, ಬರಿಯ ಬಿಸಿ. ಬೆಳ್ಳಿಯ ಪೊರೆಯನ್ನು ಒಂದರ ಬದಲು ಎರಡು ಅಥವಾ ಮೂರು ಪದರಗಳಾಗಿ, ನಡುನಡುವೆ ಬೇರೆ ಪದಾರ್ಥಗಳನ್ನಿಟ್ಟು ಹಚ್ಚಿದರೆ, ಈ ಕಾಣದ ಕಿರಣಗಳನ್ನು ಹೊರಕ್ಕೆ ಹಿಂದಿರುಗಿಸಿ ಬೆಳಕನ್ನು ಮಾತ್ರ ಬಿಡುವಂತೆ ಮಾಡಬಹುದು. ಇದು ಬಿಸಿನಾಡಿಗೆ ತಕ್ಕ ಲೋ-ಇ. ಇಂಥ ಒಳ್ಳೆಯ ಜೋಡಿಗಾಜು ನೂರಕ್ಕೆ ಅರುವತ್ತು ಪಾಲು ಬೆಳಕನ್ನು ಬಿಟ್ಟೂ ಸೌರತಾಪ ಗುಣಾಂಕವನ್ನು 0.28ಕ್ಕೆ ಇಳಿಸುತ್ತದೆ. ಇದನ್ನು ಕೂರಿಸಿದರೆ ಸೂರ್ಯನಿಂದ 168 ವಾಟ್, ಗಾಳಿಯಿಂದ ಸುಮಾರು 19, ಹತ್ತು ಚದರ ಮೀಟರಿಗೆ 1,900 ವಾಟ್. ಎರಡು ಗಾಜುಗಳಿಗೂ ಹೆಸರು ಲೋ-ಇ ಎಂದೇ. ಗುಣದಲ್ಲಿ ಮಾತ್ರ ಆಡಿಗೂ ಆನೆಗೂ ಇರುವಷ್ಟು ಅಂತರ.

ಆದರೆ ಈ ಜಾಣ ಗಾಜಿಗೂ ಒಂದು ಮಿತಿಯಿದೆ. ಅದು ಕಾರ್ಖಾನೆಯ ಕುಶಲತೆಯ ಮಿತಿಯಲ್ಲ, ಪ್ರಕೃತಿಯ ಮಿತಿ. ಬೆಳಕೇ ಬಿಸಿ. ಕಣ್ಣಿಗೆ ಕಾಣುವ 45 ಪಾಲಿನಲ್ಲಿ ಅರುವತ್ತು ಪ್ರತಿಶತ ಒಳಬಂದರೆ, ಅದೊಂದೇ ಬಿಸಿಲಿನ ಒಟ್ಟು ಶಕ್ತಿಯ 27 ಪಾಲಾಯಿತು. ಒಳಬಂದ ಬೆಳಕು ಗೋಡೆ ಬಟ್ಟೆಗಳಲ್ಲಿ ಇಂಗಿ ಬಿಸಿಯಾಗದೆ ಬೇರೆ ಗತಿಯಿಲ್ಲ. ಇದಕ್ಕಿಂತ ಕೆಳಗಿಳಿಯಬೇಕಾದರೆ ಬೆಳಕನ್ನೇ ಕಡಿಯಬೇಕು. ಕನ್ನಡಿಯಂತೆ ಹೊಳೆಯುವ ಅಗ್ಗದ ಗಾಜು ಮಾಡುವುದು ಇದನ್ನೇ. ಅದು ಬಿಸಿಯನ್ನು ತಡೆಯುತ್ತದೆ, ಜೊತೆಗೆ ಬೆಳಕನ್ನೂ ನುಂಗಿ ಹಗಲಲ್ಲೇ ದೀಪ ಹಚ್ಚಿಸುತ್ತದೆ, ಎದುರು ಮನೆಯವರ ಕಣ್ಣಿಗೆ ಬಿಸಿಲನ್ನು ಎರಚುತ್ತದೆ. ಗಾಜಿನ ಒಳಗಡೆ ಪರದೆ ಇಳಿಬಿಟ್ಟರಾಯಿತೆಂದರೆ, ಬಿಸಿಲು ಅಷ್ಟರಲ್ಲಿ ಹೊಸ್ತಿಲು ದಾಟಿಬಿಟ್ಟಿರುತ್ತದೆ. ಪರದೆ ಅದನ್ನು ಹೀರಿ ತಾನೇ ಕಾದು, ಬಿಸಿಯ ಹೆಚ್ಚಿನ ಪಾಲನ್ನು ಕೋಣೆಗೇ ಒಪ್ಪಿಸುತ್ತದೆ. ಬಿಸಿಲನ್ನು ತಡೆಯಬೇಕಾದುದು ಗಾಜನ್ನು ಮುಟ್ಟುವ ಮೊದಲು, ಹೊರಗೆ.

ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಒಬ್ಬರು. 1933ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮುಕ್ತಿಸೇನೆಯವರ ನಿರ್ಗತಿಕರ ಆಶ್ರಯಧಾಮವೊಂದು ಅವರ ನಕ್ಷೆಯಂತೆ ತೆರೆಯಿತು. ದಕ್ಷಿಣಕ್ಕೆ ಮುಖ ಮಾಡಿದ ಅದರ ಇಡೀ ಮುಂಭಾಗ ಗಾಜು. ತೆರೆಯುವ ಕಿಟಕಿ ಒಂದೂ ಇಲ್ಲ. ಎರಡು ಪದರ ಗಾಜಿನ ನಡುವೆ ಹದಮಾಡಿದ ಗಾಳಿಯನ್ನು ಹರಿಸಬೇಕೆಂಬುದು ಅವರ ಮೂಲ ಕಲ್ಪನೆ. ಹಣ ಸಾಲದೆ ಒಂದೇ ಪದರ ಉಳಿಯಿತು, ತಣಿಸುವ ಯಂತ್ರವೂ ಬರಲಿಲ್ಲ. ಚಳಿಗಾಲ ಸುಖವಾಗಿ ಕಳೆಯಿತು. ಮರುವರ್ಷದ ಬೇಸಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಪ್ಯಾರಿಸ್ ಉಷ್ಣದೇಶವೇನೂ ಅಲ್ಲವೆಂಬುದನ್ನು ನೆನೆಯಬೇಕು. ಅಧಿಕಾರಿಗಳು ಕಿಟಕಿ ಕೊರೆಯಿಸಲೇಬೇಕೆಂದು ಪಟ್ಟುಹಿಡಿದರು, ಶಿಲ್ಪಿ ಒಲ್ಲೆನೆಂದರು, ಕೊನೆಗೆ ಕಿಟಕಿಗಳು ಬಂದವು. ಎರಡನೆಯ ಮಹಾಯುದ್ಧದಲ್ಲಿ ಆ ಗಾಜಿನ ಗೋಡೆಗೆ ಹಾನಿಯಾಯಿತು. ಯುದ್ಧಾನಂತರ ಅದನ್ನು ದುರಸ್ತಿ ಮಾಡುವಾಗ ಗಾಜಿನ ಮುಂದೆ ಕಾಂಕ್ರೀಟಿನ ಬಿಸಿಲುತಡೆಗಳು ನಿಂತವು. ಅಷ್ಟರಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ, ಅವರ ಸಲಹೆ ಪಡೆದ ತರುಣ ಶಿಲ್ಪಿಗಳು ಶಿಕ್ಷಣ ಸಚಿವಾಲಯದ ಕಟ್ಟಡಕ್ಕೆ ತಿರುಗಿಸಬಹುದಾದ ಅಡ್ಡರೆಕ್ಕೆಗಳನ್ನು ಹೊರಗಡೆ ತೊಡಿಸಿ ತೋರಿಸಿದ್ದರು. ಅಲ್ಲಿ ಸೂರ್ಯನ ಕಾಟ ಉತ್ತರದ ಮುಖಕ್ಕೆ. ಆದುದರಿಂದ ರೆಕ್ಕೆಗಳೂ ಉತ್ತರಕ್ಕೆ. ನಮ್ಮ ಚಂಡೀಗಢದ ಸಚಿವಾಲಯದ ಮುಖದ ತುಂಬ ಕಾಣುವ ಆಳವಾದ ಕಾಂಕ್ರೀಟ್ ಗೂಡುಗಳು ಇದೇ ಪಾಠದ ಮುಂದಿನ ಅಧ್ಯಾಯ.

ರೆಕ್ಕೆಯೆಂದರೆ ಯಾವ ರೆಕ್ಕೆ, ಎಷ್ಟು ಆಳ? ಇದನ್ನು ಅಂದದ ದೃಷ್ಟಿಯಿಂದ ನಿರ್ಧರಿಸುವವರೇ ಬಹಳ. ನಿರ್ಧರಿಸಬೇಕಾದುದು ಸೂರ್ಯನ ಹಾದಿಯಿಂದ. ದಕ್ಷಿಣದ ಗೋಡೆಯದು ಸುಲಭದ ಪ್ರಶ್ನೆ. ಬಳ್ಳಾರಿಯಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ವರ್ಷದ ಬೇರೆ ಯಾವ ನಡುಹಗಲಿನಲ್ಲೂ ದಕ್ಷಿಣಕ್ಕೆ ಅದಕ್ಕಿಂತ ತಗ್ಗುವುದಿಲ್ಲ. ಒಂದೂವರೆ ಮೀಟರ್ ಎತ್ತರದ ಕಿಟಕಿಯ ಮೇಲೆ 1.2 ಮೀಟರ್ ಚಾಚಿದ ಒಂದು ಸಜ್ಜಾ ಇದ್ದರೆ ನಡುಹಗಲಿನ ಬಿಸಿಲು ವರ್ಷವಿಡೀ ಗಾಜನ್ನು ಮುಟ್ಟದು.

ಪಡುವಣದ ಗೋಡೆಯ ಮುಂದೆ ಈ ಉಪಾಯ ಸೋಲುತ್ತದೆ. ಸಂಜೆಯ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದ ನುಸುಳುತ್ತಾನೆ. ನಾವು ಹಿಡಿದ ಮಾರ್ಚ್ ತಿಂಗಳ ನಾಲ್ಕು ಗಂಟೆಗೆ ಅವನು ಕೇವಲ 29 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡೂವರೆ ಮೀಟರ್ ಎತ್ತರದ ಗಾಜನ್ನು ಆಗ ನೆರಳಲ್ಲಿಡಬೇಕಾದರೆ ಸಜ್ಜಾ ನಾಲ್ಕೂವರೆ ಮೀಟರ್ ಮುಂದೆ ಚಾಚಬೇಕು. ಬೀದಿಯ ಅರ್ಧ ಅದರಡಿಯಲ್ಲಿ! ಒಂದು ದೊಡ್ಡ ಸಜ್ಜಾದ ಬದಲು 30 ಸೆಂಟಿಮೀಟರಿಗೊಂದರಂತೆ ಅಡ್ಡರೆಕ್ಕೆಗಳನ್ನು ಇಟ್ಟರೆ ಒಂದೊಂದೂ 54 ಸೆಂಟಿಮೀಟರ್ ಆಳವಿದ್ದರೆ ಸಾಕು. ಆದರೆ ಇನ್ನೊಂದು ಗಂಟೆ ಕಳೆದು ಸೂರ್ಯ ಹದಿನಾಲ್ಕೂವರೆ ಡಿಗ್ರಿಗೆ ಇಳಿದಾಗ, ಅದೇ ಅಂತರಕ್ಕೆ 1.16 ಮೀಟರ್ ಆಳ ಬೇಕಾಗುತ್ತದೆ. ಇಳಿಯುವ ಸೂರ್ಯನನ್ನು ಅಡ್ಡರೆಕ್ಕೆ ಬೆನ್ನಟ್ಟಿ ಹಿಡಿಯಲಾರದು.

ಹಾಗಾದರೆ ನಿಲುವಿನ ರೆಕ್ಕೆಗಳೋ? ಗೋಡೆಗೆ ನೇರವಾಗಿ, ಪುಸ್ತಕದ ಕಪಾಟಿನ ಹಲಗೆಗಳಂತೆ ನಿಲ್ಲಿಸಿದ ರೆಕ್ಕೆಗಳನ್ನು ಎಲ್ಲೆಡೆ ಕಾಣುತ್ತೇವೆ. ಆ ಹೊತ್ತಿನಲ್ಲಿ ಸೂರ್ಯ ನೇರ ಪಡುವಣದಿಂದ ಒಂಬತ್ತು ಡಿಗ್ರಿಯೂ ಸರಿದಿರುವುದಿಲ್ಲ. ಆದುದರಿಂದ ಅವನು ರೆಕ್ಕೆರೆಕ್ಕೆಗಳ ನಡುವೆ ರಾಜಬೀದಿಯಲ್ಲಿ ಬರುವಂತೆ ಬರುತ್ತಾನೆ. ಅರ್ಧ ಮೀಟರ್ ಆಳದ ರೆಕ್ಕೆ ಗಾಜಿನ ಮೇಲೆ ಎಂಟು ಸೆಂಟಿಮೀಟರಿನ ನೆರಳನ್ನೂ ಬೀಳಿಸದು. ಅವು ಅಲಂಕಾರವೇ ಹೊರತು ನೆರಳಲ್ಲ.

ಉತ್ತರ ಇರುವುದು ಓರೆಯಲ್ಲಿ. ನಿಲುವಿನ ರೆಕ್ಕೆಗಳನ್ನು 45 ಡಿಗ್ರಿ ತಿರುಗಿಸಿ, ಅವುಗಳ ಬಾಯಿ ನೈರುತ್ಯಕ್ಕೆ ತೆರೆಯುವಂತೆ ನಿಲ್ಲಿಸಬೇಕು. ನೈರುತ್ಯಕ್ಕೇ ಏಕೆಂದರೆ, ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಸೂರ್ಯ ಮುಳುಗುವುದು ಪಡುವಣಕ್ಕಿಂತ ತುಸು ಉತ್ತರಕ್ಕೆ; ಆ ತಿಂಗಳುಗಳಲ್ಲಿ ಅವನು ರೆಕ್ಕೆಯ ಬೆನ್ನಿಗೆ ಹೊಡೆಯುತ್ತಾನೆ, ಬಾಯಿಗಲ್ಲ. ಅಂತರ 30 ಸೆಂಟಿಮೀಟರ್, ರೆಕ್ಕೆಯ ಅಗಲ 50 ಸೆಂಟಿಮೀಟರ್ ಇಟ್ಟರೆ, ಮಾರ್ಚ್ 21ರ ನಾಲ್ಕು ಗಂಟೆಯಿಂದ ಸೂರ್ಯಾಸ್ತದವರೆಗೆ ನೇರ ಬಿಸಿಲು ಗಾಜಿಗೆ ಬೀಳದು. ಮೂರು ಗಂಟೆಗೆ ಎರಡು ಬೆರಳಗಲದ ಎಳೆಯೊಂದು ನುಸುಳಬಹುದು, ಅಷ್ಟೆ. ಸೂರ್ಯ ಎಷ್ಟು ತಗ್ಗಿದರೂ ಈ ಲೆಕ್ಕ ಕೆಡದು. ನಿಲುವಿನ ರೆಕ್ಕೆಗೆ ಎತ್ತರದ ಹಂಗಿಲ್ಲ. ಓರೆಯಾಗಿರುವುದರಿಂದ ಅದು ಗೋಡೆಯಿಂದ ಚಾಚುವುದೂ ಕೇವಲ 35 ಸೆಂಟಿಮೀಟರ್. ನಾಲ್ಕು ಮೀಟರಿಗೆ ಹದಿನಾಲ್ಕು ರೆಕ್ಕೆಗಳು ಸಾಕು. ಇದಕ್ಕೆ ತೆರುವ ಬೆಲೆಯೆಂದರೆ, ಡಿಸೆಂಬರ್ ಜನವರಿಯ ನೈರುತ್ಯದ ಬಿಸಿಲು ಬಾಯಿಯಿಂದ ಒಳಬರುತ್ತದೆ, ಬೀದಿಯ ನೋಟ ಒಂದು ಕಡೆಗೆ ಮಾತ್ರ ಉಳಿಯುತ್ತದೆ. ಚಳಿಗಾಲದ ಆ ಒಂದೆರಡು ತಿಂಗಳಿಗೆ ಹೊರಗಡೆ ಬಿದಿರಿನ ತಟ್ಟಿಯೊಂದನ್ನು ಇಳಿಬಿಟ್ಟರೆ ಕೆಲಸ ನಡೆಯುತ್ತದೆ.

ಈಗ ತಕ್ಕಡಿಯಲ್ಲಿ ತೂಗೋಣ. ಅಂಥ ರೆಕ್ಕೆಗಳ ಹಿಂದೆ ಬರಿಯ ಸಾಮಾನ್ಯ ಗಾಜಿದ್ದರೆ, ನೇರ ಬಿಸಿಲಿನ 480 ವಾಟ್ ಹೊರಗೇ ಉಳಿಯಿತು. ಚದರಿ ಬರುವ 120ರಲ್ಲಿ ಅರ್ಧವನ್ನು ರೆಕ್ಕೆ ತಡೆದೀತು. ಉಳಿದ 60ರಲ್ಲಿ ಒಳಬರುವುದು 50. ಗಾಳಿಯಿಂದ ಯಥಾಪ್ರಕಾರ 70. ಒಟ್ಟು 120, ಹತ್ತು ಚದರ ಮೀಟರಿಗೆ 1,200 ವಾಟ್. ರೆಕ್ಕೆಯಿಲ್ಲದ ಅತ್ಯುತ್ತಮ ಲೇಪದ ಗಾಜು ಬಿಟ್ಟುದು 1,900 ಎಂಬುದನ್ನು ವಾಚಕರು ಮರೆತಿರಲಾರರು. ಎರಡನ್ನೂ ಕೂಡಿಸಿದರೆ, ಎಂದರೆ ರೆಕ್ಕೆಯ ಹಿಂದೆ ಬಿಸಿನಾಡಿನ ಲೋ-ಇ ಇಟ್ಟರೆ, 360 ವಾಟಿಗೆ ಇಳಿಯುತ್ತದೆ. ಇವು ಆ ಒಂದು ಸಂಜೆಯ ಸ್ಥೂಲ ಲೆಕ್ಕ. ದಿನದಿಂದ ದಿನಕ್ಕೆ ಅಂಕೆ ಏರಿಳಿದರೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮ ಬೇಸಗೆಯ ಸಂಜೆಗಳಲ್ಲಿ ಬದಲಾಗದು.

ಕೂಲರಿನ ಮೊದಲ ವರ್ಷದ ಮಾತು ಬೇರೆಯೇ ಇದೆ. ಎ.ಸಿ. ಇಲ್ಲದ ಕೋಣೆಯಲ್ಲಿ ಕಿಟಕಿ ತೆರೆದಿರಬೇಕು. ಕೂಲರಿನ ತೇವದ ಗಾಳಿಗೆ ಹೊರಹೋಗಲು ದಾರಿ ಬೇಕು. ಸಂಜೆಯ ಹೊತ್ತಿಗೆ ಒಳಗು ಹೊರಗಿಗಿಂತ ಬಿಸಿಯಾಗಿದ್ದರೆ, ಬಿಗಿಯಾಗಿ ಮುಚ್ಚಿದ ಜೋಡಿಗಾಜು ಆ ಬಿಸಿಯನ್ನು ಹೋಗಗೊಡದೆ ಒಳಗೇ ಹಿಡಿದಿಡುತ್ತದೆ. ಯು ಮೌಲ್ಯಕ್ಕೆ ಕೊಟ್ಟ ಹಣ ಆಗ ಸೇವೆ ಮಾಡುವುದಿಲ್ಲ, ಕೆಲವು ಗಂಟೆ ಕಾಟವನ್ನೇ ಕೊಡುತ್ತದೆ. ಇನ್ನೊಂದು ಸಂಗತಿ: ಕೋಣೆಯ ಗಾಳಿ ತಂಪಾಗಿದ್ದರೂ, ಬಿಸಿಲು ಹೀರಿದ ಗಾಜಿನ ಪಕ್ಕದಲ್ಲಿ ಕುಳಿತವಳ ತೋಳಿಗೆ ಒಲೆಯ ಮಗ್ಗುಲಲ್ಲಿ ಕುಳಿತಂತೆ ಆಗುತ್ತದೆ. ಗೋಡೆಗೆ ತೂಗಿದ ತಾಪಮಾಪಕ ಇದನ್ನು ತೋರಿಸದು; ಮಾಲೀಕರು 26 ಡಿಗ್ರಿಯೆಂದು ತೋರಿಸುವರು, ಹೆಣ್ಣುಮಕ್ಕಳು ಯಂತ್ರವನ್ನು ಒಳಕ್ಕೆ ಸರಿಸಿಕೊಳ್ಳುವರು. ನೆರಳಲ್ಲಿರುವ ಗಾಜು ಈ ತೊಂದರೆಯನ್ನು ಕೊಡುವುದಿಲ್ಲ.

ರೆಕ್ಕೆಗಳಿಗೂ ದೋಷಗಳುಂಟು. ದಪ್ಪ ಕಾಂಕ್ರೀಟಿನಲ್ಲಿ ಎರಕಹೊಯ್ದು ಗೋಡೆಗೇ ಬೆಸೆದರೆ, ಅವು ಹಗಲೆಲ್ಲ ಕಾದು ಸಂಜೆಗೆ ಬಿಸಿಯನ್ನು ಗೋಡೆಗೂ ಒಳಗಾಳಿಗೂ ಒಪ್ಪಿಸುತ್ತವೆ. ಚಂಡೀಗಢದ ಬಿಸಿಲುತಡೆಗಳ ಮೇಲೆ ಈ ದೂರು ಉಂಟು. ಹಗುರವಾದ ಅಲ್ಯೂಮಿನಿಯಂ ತಗಡಿನ ರೆಕ್ಕೆ ಸೂರ್ಯ ಮುಳುಗಿದೊಡನೆ ಆರುತ್ತದೆ. ಅದನ್ನು ಗಾಜಿನಿಂದ ಒಂದು ಗೇಣು ದೂರದಲ್ಲಿ, ಕಬ್ಬಿಣದ ಕೈಗಳ ಮೇಲೆ ನಿಲ್ಲಿಸಿದರೆ ನಡುವಣ ಬಿಸಿಗಾಳಿ ಮೇಲಕ್ಕೆ ಏರಿಹೋಗುತ್ತದೆ, ಗಾಜನ್ನು ಒರೆಸಲು ಕೈಯೂ ಹೋಗುತ್ತದೆ. ಬಣ್ಣ ಬಿಳಿಯದಾಗಿರಲಿ, ಒಂದು ರೆಕ್ಕೆಯ ಬೆನ್ನಿನಿಂದ ಇನ್ನೊಂದರ ಮುಖಕ್ಕೆ ಚಿಮ್ಮಿ ಒಳಬರುವ ಚದರಿದ ಬೆಳಕು ಹೊಲಿಗೆಗೆ ನೇರ ಬಿಸಿಲಿಗಿಂತ ಹಿತ. ಬಳ್ಳಾರಿಯ ಕೆಂಧೂಳು ಬಿಳಿಯನ್ನು ಕೆಡಿಸುವುದರಿಂದ ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು. ಮೇಲ್ತುದಿಯಲ್ಲಿ ಚಪ್ಪಟೆ ಜಾಗ ಬಿಟ್ಟರೆ ಪಾರಿವಾಳ ಸಂಸಾರ ಹೂಡುತ್ತದೆ. ತುದಿಯನ್ನು ಇಳಿಜಾರಾಗಿ ಮುಗಿಸಬೇಕು.

ಲೇಪದ ಜೋಡಿಗಾಜಿಗೆ ರೆಕ್ಕೆಯ ನೆರಳು ಭಾಗಶಃ ಬಿದ್ದಾಗ ಬೇರೊಂದು ಅಪಾಯವಿದೆ. ಬಿಸಿಲಿನಲ್ಲಿರುವ ನಡುಭಾಗ ಹಿಗ್ಗುತ್ತದೆ, ನೆರಳಲ್ಲೂ ಚೌಕಟ್ಟಿನೊಳಗೂ ಇರುವ ಅಂಚು ಹಿಗ್ಗದು. ಎಳೆದಾಟದಲ್ಲಿ ಗಾಜು ಬಿರಿಯುತ್ತದೆ. ಕಲ್ಲು ತಾಗಿ ಒಡೆದ ಗಾಜಿನಲ್ಲಿ ಬಿರುಕುಗಳು ಪೆಟ್ಟಿನ ಬಿಂದುವಿನಿಂದ ಜೇಡರ ಬಲೆಯಂತೆ ಹರಡುತ್ತವೆ. ಬಿಸಿಯಿಂದ ಒಡೆದುದರಲ್ಲಿ ಬಿರುಕು ಅಂಚಿನಿಂದ ಹೊರಟು, ಅಂಚಿಗೆ ಲಂಬವಾಗಿ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಸುತ್ತಾಡುತ್ತದೆ. ಈ ಗುರುತಿನಿಂದ ತಪ್ಪು ಯಾರದೆಂದು ತೀರ್ಮಾನಿಸಬಹುದು. ಇಂಥಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜನ್ನೇ ಕೇಳಿ ಪಡೆಯಬೇಕು. ಬೆಳ್ಳಿಯ ಪೊರೆಗೆ ಗಾಳಿಯ ತೇವ ತಾಗಿದರೆ ಕಲೆಗಟ್ಟುತ್ತದೆ. ಅದಕ್ಕೇ ಅದನ್ನು ಜೋಡಿಗಾಜಿನ ಒಳಮೈಗೆ ಹಚ್ಚಿ ಅಂಚನ್ನು ಮುದ್ರಿಸಿರುತ್ತಾರೆ. ಎರಡು ಗಾಜುಗಳ ನಡುವೆ, ಒರೆಸಿದರೂ ಹೋಗದ ಮಂಜು ಕಂಡರೆ ಮುದ್ರೆ ಬಿಟ್ಟಿತೆಂದೇ ಅರ್ಥ. ಅದಕ್ಕೆ ರಿಪೇರಿಯಿಲ್ಲ, ಬದಲಿಸಬೇಕು.

ಸರಕಾರವೂ ಈ ಲೆಕ್ಕವನ್ನು ಒಪ್ಪಿದೆ. ವಾಣಿಜ್ಯ ಕಟ್ಟಡಗಳಿಗಾಗಿ 2017ರಲ್ಲಿ ಪ್ರಕಟವಾದ ಇಂಧನ ಉಳಿತಾಯ ಸಂಹಿತೆಯು ಉಷ್ಣಪ್ರದೇಶಗಳಲ್ಲಿ ಮೂಡಣ, ತೆಂಕಣ, ಪಡುವಣ ಗಾಜುಗಳ ಸೌರತಾಪ ಗುಣಾಂಕ 0.27ನ್ನು ಮೀರಬಾರದೆಂದು ವಿಧಿಸಿತು. ಹೊರಗೆ ನೆರಳು ಕಟ್ಟಿದವರಿಗೆ ಅದನ್ನು ಲೆಕ್ಕಕ್ಕೆ ಹಿಡಿದು ಸಡಿಲಿಕೆ ಕೊಟ್ಟಿತು. ಬಡಗಣದ ಗಾಜಿನ ವಿಷಯದಲ್ಲಿ ಅದು 15 ಡಿಗ್ರಿ ಅಕ್ಷಾಂಶದಲ್ಲಿ ಗೆರೆ ಎಳೆದುದು ಸ್ವಾರಸ್ಯಕರ. ಆ ಗೆರೆಯ ಉತ್ತರಕ್ಕೆ 0.50, ದಕ್ಷಿಣಕ್ಕೆ ಅಲ್ಲಿಯೂ 0.27. ನಮ್ಮ ನಾಡಿನ ತೆಂಕಣ ಭಾಗದಲ್ಲಿ ಬೇಸಗೆಯ ಕೆಲವು ತಿಂಗಳು ಸೂರ್ಯ ನಡುಹಗಲಿನಲ್ಲೂ ಬಡಗಣದಲ್ಲೇ ಇರುವನೆಂಬುದನ್ನು ಸಂಹಿತೆ ಬರೆದವರು ಮರೆಯಲಿಲ್ಲ. ಆದರೆ ಈ ಸಂಹಿತೆಯ ಕಟ್ಟು 100 ಕಿಲೋವಾಟಿನ ದೊಡ್ಡ ಕಟ್ಟಡಗಳಿಗೆ ಮಾತ್ರ. ಎಂಟು ಯಂತ್ರದ ಮಹಡಿಗೆ ಕಾನೂನಿನ ಕಾವಲಿಲ್ಲ. ಕೊಳ್ಳುವವರೇ ಕಣ್ಣಿಟ್ಟು ನೋಡಬೇಕು.

ಆದುದರಿಂದ, ಸೋದರಿಯವರೆ, ಈ ವರ್ಷದ ಹಣ ರೆಕ್ಕೆಗೆ ಹೋಗಲಿ. ಹಿಂದೆ ತೆರೆಯಲು ಬರುವ ಸಾಮಾನ್ಯ ಗಾಜಿರಲಿ. ಚೌಕಟ್ಟನ್ನು ಮಾತ್ರ ಮುಂದೆ ಜೋಡಿಗಾಜು ಹಿಡಿಯುವಷ್ಟು ಅಗಲಕ್ಕೆ ಮಾಡಿಸಿ. ಮೇಸ್ತ್ರಿ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಲು ಹೊರಟರೆ ತಡೆಯಿರಿ. ನಂಬದಿದ್ದರೆ ರಟ್ಟಿನಲ್ಲಿ ಒಂದು ಮಾದರಿ ಮಾಡಿ: 5 ಸೆಂಟಿಮೀಟರ್ ಅಗಲದ ಪಟ್ಟಿಗಳು, 3 ಸೆಂಟಿಮೀಟರಿಗೊಂದರಂತೆ, ಒಂದು ಸಾಲು ನೇರ, ಇನ್ನೊಂದು ಸಾಲು ಓರೆ. ಬಿಸಿಲಿನ ಕೋನಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಸಂಜೆ ನಾಲ್ಕೂವರೆಗೆ ಆ ಮಾದರಿಯನ್ನು ನಿಮ್ಮ ಪಡುವಣ ಗೋಡೆಗೆ ಹಿಡಿದರೆ, ಯಾವುದರ ಹಿಂದೆ ನೆರಳಿದೆಯೆಂದು ಗೋಡೆಯೇ ಹೇಳುತ್ತದೆ.

ಎ.ಸಿ. ಹಾಕಿಸುವ ವರ್ಷ ಲೇಪದ ಗಾಜನ್ನು ಕೊಳ್ಳಿರಿ. ಆಗ ವ್ಯಾಪಾರಿಯನ್ನು ಕೇಳಬೇಕಾದುದು ಎರಡು ಅಂಕೆ: ಎಸ್‌ಎಚ್‌ಜಿಸಿ 0.30ರ ಒಳಗೆ, ಬೆಳಕು ನೂರಕ್ಕೆ ಐವತ್ತರ ಮೇಲೆ. ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ಗಾಜು ಬಂದ ದಿನ, ಕತ್ತಲಾದ ಮೇಲೆ, ಹೊರಮೈಯ ಮುಂದೆ ಒಂದು ಮೇಣದಬತ್ತಿಯನ್ನು ಹಿಡಿಯಿರಿ. ಜೋಡಿಗಾಜಿಗೆ ನಾಲ್ಕು ಮೈ; ಜ್ವಾಲೆಯ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಉಳಿದವಕ್ಕಿಂತ ಬೇರೆ, ಲೇಪವಿರುವುದು ಅಲ್ಲಿ. ನಮ್ಮ ಬಿಸಿಲಿಗೆ ಅದು ಹೊರಗಿನಿಂದ ಎಣಿಸಿದರೆ ಎರಡನೆಯದಾಗಿರಬೇಕು. ಮೂರನೆಯದಾಗಿದ್ದರೆ ಗಾಜನ್ನು ಹಿಂದುಮುಂದು ಮಾಡಿ ತಂದಿದ್ದಾರೆ, ಅಥವಾ ಅದು ಚಳಿನಾಡಿಗೆಂದು ಮಾಡಿದ್ದು. ನಾಲ್ಕೂ ಒಂದೇ ಬಣ್ಣವಿದ್ದರೆ ಲೇಪವೇ ಇಲ್ಲ. ಚೌಕಟ್ಟಿಗೆ ಕೂರಿಸುವ ಮೊದಲೇ ಹಿಂದಿರುಗಿಸಿಬಿಡಿ.